ಎಸ್ಸೆಸ್ಸೆಲ್ಸಿ ಗಣಿತ: ಕೊನೆಯ ವಾರಗಳಲ್ಲಿ ಯಾವ ಪಾಠ ಮತ್ತೆ ಓದಬೇಕು? ಪೂರ್ವಸಿದ್ಧತಾ ಪತ್ರಿಕೆಯಲ್ಲೇ ಇದೆ ಉತ್ತರ

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ಬಂದ ದಿನ ಬಹುತೇಕ ಪೋಷಕರು ನೋಡೋದು ಮೇಲೆ ಕೆಂಪು ಶಾಯಿಯಲ್ಲಿ ಬರೆದ ಒಟ್ಟು ಅಂಕ ಮಾತ್ರ. 80ಕ್ಕೆ 42 ಬಂದಿದೆ ಅಂದ್ರೆ ಬೈಗುಳ, ಆಮೇಲೆ "ಮೊದಲ ಪಾಠದಿಂದ ಎಲ್ಲಾ ಓದು" ಅನ್ನೋ ಆಜ್ಞೆ. ಉಳಿದ ಮೂರು ವಾರದಲ್ಲಿ ಇಡೀ ಪುಸ್ತಕ ಮತ್ತೆ ಮುಗಿಯೋದಿಲ್ಲ. ನಿಜವಾಗಿ ಬೇಕಾದ ಲೆಕ್ಕ ಬಂದ 42ರದ್ದಲ್ಲ, ಹೋದ 38ರದ್ದು. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಎಣಿಸಿದರೆ ಯಾವ ಸಾಮಾನು ಖಾಲಿಯಾಗಿದೆ ಅಂತ ಗೊತ್ತಾಗಲ್ಲ, ಕಪಾಟು ನೋಡಬೇಕು.

ಈಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ, 80 ಅಂಕ. ಉಳಿದ 20 ಆಂತರಿಕ ಮೌಲ್ಯಮಾಪನದ್ದು. ಕನಿಷ್ಠ ಮೂರು ಪತ್ರಿಕೆ ಬರೆದ ಮೇಲೆ ಒಂದು ಹಾಳೆಯಲ್ಲಿ ಪಾಠದ ಹೆಸರು, ಪ್ರತಿ ಪತ್ರಿಕೆಯಲ್ಲಿ ಆ ಪಾಠದಲ್ಲಿ ಹೋದ ಅಂಕ, ಪಕ್ಕದಲ್ಲಿ ಕಾರಣ ಬರೆಯಬೇಕು. ಕಾರಣ ಮೂರೇ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಾಯ್ತು, ಸಮಯ ಸಾಲಲಿಲ್ಲ. ಮೂರನೆಯದನ್ನು ಬೇರ್ಪಡಿಸೋಕೆ ಸುಲಭದ ದಾರಿ ಇದೆ. ಮನೆಯಲ್ಲಿ ಬರೆಯುವಾಗ ಗಡಿಯಾರದ ಸಮಯ ಮುಗಿದ ಕೂಡಲೇ ಪೆನ್ನಿನ ಬಣ್ಣ ಬದಲಿಸಿ ಉಳಿದದ್ದನ್ನು ಮುಗಿಸೋದು. ಬೇರೆ ಬಣ್ಣದಲ್ಲಿ ಬರೆದದ್ದು ಸರಿ ಇದ್ದರೆ ಆ ಪಾಠ ಓದೋ ಅಗತ್ಯ ಇಲ್ಲ, ಬೇಕಾದ್ದು ವೇಗ.

ಉದಾಹರಣೆಗೆ ಒಬ್ಬ ವಿದ್ಯಾರ್ಥಿನಿಯ ಅಂಕ 41, 44, 42 ಅಂತ ಇಟ್ಟುಕೊಳ್ಳೋಣ. ಒಟ್ಟು ನೋಡಿದರೆ ಏನೂ ಗೊತ್ತಾಗಲ್ಲ. ಪಾಠವಾರು ಬಿಡಿಸಿದರೆ ತ್ರಿಭುಜಗಳಲ್ಲಿ ಹೋದದ್ದು 6, 5, 6. ಸಂಖ್ಯಾಶಾಸ್ತ್ರದಲ್ಲಿ 3, 3, 2. ವರ್ಗ ಸಮೀಕರಣಗಳಲ್ಲಿ 5, 0, 1. ವರ್ಗ ಸಮೀಕರಣದಲ್ಲಿ ಮೊದಲ ಸಲ 5 ಹೋದದ್ದೇ ತಲೆಯಲ್ಲಿ ಉಳಿದಿರುತ್ತೆ, ಹುಡುಗಿ ಅದನ್ನೇ ಹಿಡಿದು ಕೂರುತ್ತಾಳೆ. ಆದರೆ ಆಮೇಲಿನ ಎರಡು ಪತ್ರಿಕೆಯಲ್ಲಿ ಅದು ಸರಿಯಾಗಿದೆ. ಒಂದು ಸಲ ಹೋದದ್ದು ಆ ದಿನದ ಕಥೆ ಇರಬಹುದು. ಮೂರು ಸಲವೂ ಹೋದದ್ದು ಪಾಠದ ಕಥೆ.

ಮೊದಲು ಕೈ ಹಾಕಬೇಕಾದ್ದು ಸಂಖ್ಯಾಶಾಸ್ತ್ರಕ್ಕೆ, ಅಂಕ ಕಡಿಮೆ ಹೋಗಿದ್ದರೂ ಸರಿ. ಯಾಕಂದ್ರೆ ಅಲ್ಲಿ ಕಾರಣ "ಗೊತ್ತಿದ್ದೂ ತಪ್ಪಾಯ್ತು". ಮಧ್ಯಾಂಕದ ಸೂತ್ರ ಬಾಯಿಪಾಠ ಇದೆ, ಆದರೆ ಸಂಚಿತ ಆವೃತ್ತಿ ಹಾಕುವಾಗ ಮಧ್ಯಾಂಕ ಬರುವ ವರ್ಗಾಂತರದ ಹಿಂದಿನದ್ದರ ಬದಲು ಅದೇ ಸಾಲಿನದ್ದನ್ನು ಹಾಕಿದ್ದಾಳೆ. ಒಟ್ಟು ಆವೃತ್ತಿ 40, ಅರ್ಧ 20. ಮಧ್ಯಾಂಕ ಬರುವ ವರ್ಗಾಂತರ 20–30, ಅದರ ಆವೃತ್ತಿ 12, ಹಿಂದಿನವರೆಗಿನ ಸಂಚಿತ ಆವೃತ್ತಿ 17. ಸರಿಯಾದ ಲೆಕ್ಕ:

20 + ((20 − 17) ÷ 12) × 10 = 22.5

17ರ ಬದಲು 29 ಹಾಕಿದರೆ ಬರೋದು 12.5. ಮಧ್ಯಾಂಕ 20ರಿಂದ 30ರ ಒಳಗೇ ಇರಬೇಕಾದ್ದರಿಂದ ಇದು ತಪ್ಪು ಅಂತ ಅಲ್ಲೇ ಗೊತ್ತಾಗುತ್ತೆ. ಉತ್ತರ ಬರೆದ ಮೇಲೆ ಈ ಒಂದು ನೋಟ ಹಾಕೋದು ಅಭ್ಯಾಸ ಆಗಲು ಒಂದು ಸಂಜೆ, ಐದಾರು ಲೆಕ್ಕ ಸಾಕು. ಪಾಠ ಮೊದಲಿಂದ ಓದಬೇಕಾಗಿಲ್ಲ.

ತ್ರಿಭುಜಕ್ಕೆ ಮಾತ್ರ ದಿನಗಳು ಬೇಕು. ಅಲ್ಲೂ ಇಡೀ ಪಾಠ ಅಲ್ಲ. ಹೋದ 17 ಅಂಕದಲ್ಲಿ 9 ಪ್ರಮೇಯದ ಸಾಧನೆಯದ್ದು. ಥೇಲ್ಸ್ ಪ್ರಮೇಯಕ್ಕೆ ಚಿತ್ರ, ದತ್ತ, ಸಾಧನೀಯ ಎಲ್ಲಾ ಬರೆದು ಸಾಧನೆಯ ಮಧ್ಯದಲ್ಲಿ ನಿಂತಿದ್ದಾಳೆ. ನಿಂತ ಜಾಗ ನೋಡಿ: ಒಂದೇ ಪಾದದ ಮೇಲೆ, ಸಮಾಂತರ ರೇಖೆಗಳ ನಡುವೆ ಇರುವ ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಅನ್ನೋ ಹಂತ. ಇದು ಕೆಳಗಿನ ತರಗತಿಯಲ್ಲೇ ಗೊತ್ತಾಗಿರಬೇಕಾದ ವಿಷಯ. ಅಂದರೆ ತೂತು ಇರೋದು ಹತ್ತನೇ ತರಗತಿ ಪಾಠದಲ್ಲಲ್ಲ. ಆ ಒಂದು ವಿಷಯ ಶಿಕ್ಷಕರ ಹತ್ತಿರ ಹೇಳಿಸಿಕೊಂಡು, ಪ್ರಮೇಯವನ್ನು ಪುಸ್ತಕ ಮುಚ್ಚಿ ಬರೆದು, ಎರಡು ದಿನ ಬಿಟ್ಟು ಇನ್ನೊಮ್ಮೆ ಬರೆಯಬೇಕು. ಓದಿ "ಅರ್ಥ ಆಯ್ತು" ಅನ್ನೋದು ಲೆಕ್ಕಕ್ಕಿಲ್ಲ.

ಈ ಹಾಳೆ ಮೋಸ ಮಾಡೋದೂ ಉಂಟು. ಬರೆದ ಪತ್ರಿಕೆಯನ್ನೇ ಮತ್ತೆ ಬರೆದರೆ ಅಂಕ ಏರುತ್ತೆ, ಅದು ನೆನಪಿನ ಅಂಕ. "ಅಥವಾ" ಇರುವ ಪ್ರಶ್ನೆಯಲ್ಲಿ ಪ್ರತಿ ಸಲ ಸುಲಭದ್ದನ್ನೇ ಆರಿಸಿಕೊಂಡರೆ ಬಿಟ್ಟ ಪಾಠದ ಕೊರತೆ ಹಾಳೆಯಲ್ಲಿ ಬರೋದೇ ಇಲ್ಲ. ಆದ್ದರಿಂದ ಮನೆಯಲ್ಲಿ ಎರಡನ್ನೂ ಬರೆಸಬೇಕು. ಮಗ ಅಥವಾ ಮಗಳು ತಾನೇ ತಿದ್ದಿಕೊಂಡರೆ ಹಂತದ ಅಂಕ ಧಾರಾಳ ಆಗುತ್ತೆ, ಶಾಲೆಯ ಶಿಕ್ಷಕರಿಂದ ಒಂದಾದರೂ ಪತ್ರಿಕೆ ತಿದ್ದಿಸೋದು ಒಳ್ಳೇದು.

ಒಂದು ಪತ್ರಿಕೆಯನ್ನು ಮಾತ್ರ ತೆರೆಯದೆ ಎತ್ತಿಡಬೇಕು. ಪರೀಕ್ಷೆಗೆ ವಾರ ಇರುವಾಗ ಅದನ್ನು ಬರೆಸಿ, ಒಟ್ಟು ಅಂಕ ಬಿಟ್ಟು ತ್ರಿಭುಜ ಮತ್ತು ಸಂಖ್ಯಾಶಾಸ್ತ್ರದ ಸಾಲು ಮಾತ್ರ ನೋಡಬೇಕು. 6 ಇದ್ದದ್ದು 2ಕ್ಕೆ ಇಳಿದಿದ್ದರೆ ಆ ಪಾಠ ಬಿಟ್ಟು ಮುಂದಿನ ಸಾಲಿಗೆ ಹೋಗಬಹುದು. ಇಳಿದಿಲ್ಲ ಅಂದರೆ ಕಾರಣದ ಕಾಲಂನಲ್ಲಿ ಬರೆದದ್ದೇ ತಪ್ಪಿರುವ ಸಾಧ್ಯತೆ ಹೆಚ್ಚು, ಉತ್ತರ ಎಲ್ಲಿ ನಿಂತಿದೆ ಅಂತ ಮತ್ತೆ ನೋಡಬೇಕು.