ಆಕರ ಕಣ್ಣೆದುರು ಇದ್ದಾಗ: ಇತಿಹಾಸದ ಪರೀಕ್ಷೆಯಲ್ಲಿ ಒಂದು ಬಗೆಯ ಪ್ರಶ್ನೆ ನಡೆದುಬಂದ ದಾರಿ

ಸಿಬಿಎಸ್‌ಇ ಹನ್ನೆರಡನೇ ತರಗತಿಯ ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಆಕರ ಆಧಾರಿತ ಪ್ರಶ್ನೆಗಳಿಗೆಂದೇ ಒಂದು ಭಾಗವಿದೆ. ಪ್ರವಾಸಿಯೊಬ್ಬನ ಬರಹದ ತುಣುಕನ್ನೋ ಶಾಸನದ ಅನುವಾದವನ್ನೋ ಹತ್ತಾರು ಸಾಲು ಅಚ್ಚುಮಾಡಿ, ಕೆಳಗೆ ಮೂರ್ನಾಲ್ಕು ಕಿರುಪ್ರಶ್ನೆ ಕೇಳುತ್ತಾರೆ. ಕಂಠಪಾಠದ ಹೊರೆ ಇಳಿಸಿ, ಆಕರವನ್ನು ಓದಿ ಯೋಚಿಸುವುದನ್ನು ಕಲಿಸಬೇಕೆಂಬುದು ಈ ಏರ್ಪಾಡಿನ ಉದ್ದೇಶ. ಆದರೆ ಇಂಥ ಪ್ರಶ್ನೆಗಳಲ್ಲಿ ಅನೇಕವನ್ನು ಎರಡು ರೀತಿಯಲ್ಲಿ ಪರೀಕ್ಷಿಸಿ ನೋಡಬಹುದು. ಮೊದಲು ಆಕರದ ಮೇಲೆ ಕೈ ಮುಚ್ಚಿ ಪ್ರಶ್ನೆಯನ್ನಷ್ಟೇ ಓದಿ. ಪಾಠ ಓದಿಕೊಂಡವರು ಹಾಗೆಯೇ ಉತ್ತರಿಸಬಲ್ಲರಾದರೆ ಅದು ನೆನಪಿನ ಪ್ರಶ್ನೆ. ಆಮೇಲೆ ಇತಿಹಾಸದ ಗಂಧವೇ ಇಲ್ಲದ ಒಬ್ಬರಿಗೆ ಆಕರವನ್ನೂ ಪ್ರಶ್ನೆಯನ್ನೂ ಕೊಡಿ. ತುಣುಕಿನ ಎರಡನೇ ಸಾಲನ್ನು ನಕಲುಮಾಡಿ ಅವರು ಪೂರ್ತಿ ಅಂಕ ಪಡೆಯಬಲ್ಲರಾದರೆ ಅದು ಭಾಷಾಪಾಠದ ಗ್ರಹಿಕೆಯ ಪ್ರಶ್ನೆ. ಈ ಎರಡು ಜರಡಿಯನ್ನೂ ದಾಟಿ ಬರುವ ಪ್ರಶ್ನೆ ಬಹಳ ಕಡಿಮೆ. ಏಕೆ ಹೀಗಾಗುತ್ತದೆ ಎಂಬುದಕ್ಕೆ ಈ ಬಗೆಯ ಪ್ರಶ್ನೆಯ ಚರಿತ್ರೆಯಲ್ಲೇ ಉತ್ತರವಿದೆ ಎಂಬುದು ಈ ಲೇಖನದ ವಾದ.

ಪರೀಕ್ಷೆಯಲ್ಲಿ ಮೂಲಪಠ್ಯ ಕೊಡುವುದು ಹೊಸದೇನಲ್ಲ. ವಿಲಿಯಂ ಸ್ಟಬ್ಸ್ 1870ರಲ್ಲಿ ಇಂಗ್ಲೆಂಡಿನ ಮಧ್ಯಯುಗದ ಸನ್ನದು, ಶಾಸನಗಳ ಸಂಕಲನವೊಂದನ್ನು ಹೊರತಂದ. ಆಕ್ಸ್‌ಫರ್ಡಿನ ಇತಿಹಾಸ ವಿದ್ಯಾರ್ಥಿಗಳು ಅದನ್ನು ತಲೆಮಾರುಗಟ್ಟಲೆ ಅರೆದು ಕುಡಿದರು. ಪರೀಕ್ಷೆಯಲ್ಲಿ ಅಂಥ ನಿಗದಿತ ಗ್ರಂಥಗಳಿಂದ ಕೆಲವು ಸಾಲು ಕೊಟ್ಟು ವ್ಯಾಖ್ಯಾನ ಬರೆಯಲು ಹೇಳುತ್ತಿದ್ದರು. ಆ ಸಾಲು ಯಾವ ಸನ್ನದಿನದು, ಸಂದರ್ಭವೇನು ಎಂದು ಗುರುತಿಸುವುದೇ ಅಲ್ಲಿ ಮೊದಲ ಕೆಲಸ. ಗ್ರಂಥವನ್ನು ಮುಂಚೆಯೇ ಓದಿ ನೆನಪಿಟ್ಟುಕೊಂಡಿರದಿದ್ದರೆ ಹೆಜ್ಜೆ ಮುಂದಿಡುವಂತಿರಲಿಲ್ಲ. ಆಕರ ಎದುರಿಗಿದ್ದರೂ ಪರೀಕ್ಷೆಗೆ ಒಳಗಾಗುತ್ತಿದ್ದುದು ಸ್ಮರಣೆಯೇ.

ಆಕರವನ್ನು ಸಮಸ್ಯೆಯಾಗಿ ಮುಂದಿಡುವ ಆಲೋಚನೆ ಶಾಲಾ ಶಿಕ್ಷಣದ ಕಡೆಯಿಂದ ಬಂತು. ಅಮೆರಿಕದ ಮೇರಿ ಶೆಲ್ಡನ್ ಬಾರ್ನ್ಸ್ 1885ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕದಲ್ಲಿ ಕಥನಕ್ಕಿಂತ ಆಕರದ ತುಣುಕುಗಳು, ಪಟ್ಟಿಗಳು, ಅವುಗಳ ಮೇಲಿನ ಪ್ರಶ್ನೆಗಳೇ ಹೆಚ್ಚು. ತೀರ್ಮಾನಗಳನ್ನು ವಿದ್ಯಾರ್ಥಿಯೇ ಕಟ್ಟಬೇಕಿತ್ತು. ಆಕ್ಸ್‌ಫರ್ಡಿನಲ್ಲಿ ಶಿಕ್ಷಣಶಾಸ್ತ್ರ ಕಲಿಸುತ್ತಿದ್ದ ಎಂ. ಡಬ್ಲ್ಯು. ಕೀಟಿಂಜ್ 1910ರಲ್ಲಿ ಇದೇ ಮಾತನ್ನು ಇನ್ನೂ ಬಿಗಿಯಾಗಿ ಮಂಡಿಸಿದ. ಗಣಿತ, ವಿಜ್ಞಾನಗಳಲ್ಲಿ ಹುಡುಗರು ಬಿಡಿಸಲು ಲೆಕ್ಕಗಳಿರುತ್ತವೆ, ಇತಿಹಾಸದಲ್ಲಿ ಕೇಳಿ ಬರೆದುಕೊಳ್ಳುವುದು ಮಾತ್ರ. ಹಾಗಾಗಿ ಇತಿಹಾಸವನ್ನೂ ಬಿಡಿಸಬಹುದಾದ ಸಮಸ್ಯೆಯ ರೂಪಕ್ಕೆ ತರಬೇಕು ಎಂಬುದು ಅವನ ಆಶಯದ ಸಾರ. ಕೀಟಿಂಜ್‌ನ ಪುಸ್ತಕವನ್ನು ಮುಂದಿನವರು ಗೌರವದಿಂದ ನೆನೆದರೂ ಶಾಲೆಗಳ ಪರೀಕ್ಷೆಯನ್ನು ಅದು ಅರವತ್ತು ವರ್ಷ ಅಲುಗಿಸಲಿಲ್ಲ.

ಅಲುಗಿಸಿದ್ದು 1972ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸಿಲ್ವೆಸ್ಟರ್ ನೇತೃತ್ವದಲ್ಲಿ ಶುರುವಾದ ಸ್ಕೂಲ್ಸ್ ಕೌನ್ಸಿಲ್ ಯೋಜನೆ. ಹದಿಮೂರರಿಂದ ಹದಿನಾರು ವರ್ಷದ ಮಕ್ಕಳಿಗೆಂದು ರೂಪಿಸಿದ ಈ ಪಠ್ಯಕ್ರಮದ ಬಾಗಿಲಲ್ಲೇ ‘ಇತಿಹಾಸ ಎಂದರೇನು’ ಎಂಬ ಘಟಕವಿತ್ತು. ಅದರಲ್ಲೊಂದು ಪಾಠ ಬಹಳ ಹೆಸರಾಯಿತು. ಮಾರ್ಕ್ ಪುಲ್ಲನ್ ಎಂಬ ಕಲ್ಪಿತ ಯುವಕ ಸತ್ತು ಬಿದ್ದಿದ್ದಾನೆ. ಅವನ ಬಳಿ ಸಿಕ್ಕ ಚೀಟಿ, ಟಿಕೀಟು, ಪತ್ರಗಳಂಥ ವಸ್ತುಗಳು ಮಕ್ಕಳ ಕೈಯಲ್ಲಿವೆ. ಅವನು ಯಾರು, ಕೊನೆಯ ಹೊತ್ತಿನಲ್ಲಿ ಏನು ನಡೆದಿರಬಹುದು? ಎರಡು ಸುಳಿವು ಒಂದಕ್ಕೊಂದು ಹೊಂದದಿದ್ದಾಗ ಏನು ಮಾಡಬೇಕು, ಯಾವ ಊಹೆಗೆ ಎಷ್ಟು ಬಲವಿದೆ ಎಂದು ಮಕ್ಕಳು ವಾದಿಸಬೇಕಿತ್ತು. ಯೋಜನೆಯ ಪರೀಕ್ಷೆಯಲ್ಲೂ ಹಿಂದೆಂದೂ ನೋಡದ ಆಕರಗಳನ್ನು ಕೊಟ್ಟು ಉತ್ತರ ಕೇಳುವ ಪತ್ರಿಕೆಯೊಂದಿತ್ತು. ಸ್ಟಬ್ಸ್‌ನ ಕಾಲದ ಪರೀಕ್ಷೆಗೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇದೇ: ಇಲ್ಲಿ ಆಕರವನ್ನು ಮುಂಚೆಯೇ ಓದಿಕೊಂಡು ಬರುವ ದಾರಿ ಇರಲಿಲ್ಲ.

ಯೋಜನೆಯ ಫಲವನ್ನು ಅಳೆದ ಡೆನಿಸ್ ಶೆಮಿಲ್ಟ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದ ಅಡಿಪಾಯ. ಸಾಂಪ್ರದಾಯಿಕ ಪಠ್ಯ ಓದಿದವರಿಗಿಂತ ಈ ಮಕ್ಕಳಿಗೆ ಇತಿಹಾಸ ಹೇಗೆ ಕಟ್ಟಲ್ಪಡುತ್ತದೆ ಎಂಬ ತಿಳಿವಳಿಕೆ ಹೆಚ್ಚಿತ್ತು. ಆದರೂ ಆಕರವನ್ನು ಮಾಹಿತಿಯ ಮೂಟೆಯಂತೆ ನೋಡುವ ಅಭ್ಯಾಸ ಗಟ್ಟಿಯಾಗಿತ್ತು. ಮುಂದೆ ಪೀಟರ್ ಲೀ ಮತ್ತು ರೋಸಲಿನ್ ಆಶ್ಬಿ ಈ ಅಭ್ಯಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ತೋರಿಸಿದರು. ಕೆಳಗಿನ ಮೆಟ್ಟಿಲಲ್ಲಿ ಆಕರವೆಂದರೆ ಗತಕಾಲದತ್ತ ತೆರೆದ ಕಿಟಕಿ. ಇನ್ನೊಂದು ಮೆಟ್ಟಿಲು ಮೇಲೆ ಅದು ಸಾಕ್ಷಿಯ ಹೇಳಿಕೆ: ನಂಬಬೇಕು, ಇಲ್ಲವೇ ಸುಳ್ಳೆಂದು ತಳ್ಳಬೇಕು. ಹೇಳುವ ಉದ್ದೇಶವೇ ಇಲ್ಲದ ಸಂಗತಿಯನ್ನೂ ಒಂದು ದಾಖಲೆಯಿಂದ ಹೊರಡಿಸಬಹುದು, ಯಾವ ಪ್ರಶ್ನೆ ಹಾಕುತ್ತೇವೆ ಎಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ ಎಂಬ ಅರಿವು ಬರುವುದು ತುದಿಯಲ್ಲಿ. ಸಂತೆಯ ಸುಂಕದ ಲೆಕ್ಕ ಬರೆದವನಿಗೆ ಬೆಳೆಗಳ ಚರಿತ್ರೆ ಹೇಳುವ ಇರಾದೆ ಇರಲಿಲ್ಲ. ಆದರೂ ಯಾವ ಬೆಳೆ ಎಲ್ಲಿಂದ ಬರುತ್ತಿತ್ತು ಎಂದು ಅದರಿಂದ ತಿಳಿಯುತ್ತೇವೆ.

ಇಂಗ್ಲೆಂಡಿನ ಎಲ್ಲ ಮಕ್ಕಳಿಗೂ ಒಂದೇ ಪರೀಕ್ಷೆಯಾಗಿ ಜಿಸಿಎಸ್‌ಇ ಬಂದು, 1988ರಲ್ಲಿ ಮೊದಲ ಬ್ಯಾಚ್ ಪರೀಕ್ಷೆ ಬರೆದಾಗ ಆಕರದ ಪ್ರಶ್ನೆ ಕಡ್ಡಾಯವಾಗಿತ್ತು. ಗೆಲುವಿನ ಜತೆಗೇ ಕೆಡುಕೂ ಆರಂಭವಾಯಿತು. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಸಾವಿರಾರು ಮೌಲ್ಯಮಾಪಕರು ಒಂದೇ ಅಳತೆಯಲ್ಲಿ ತೂಗಬೇಕಾದರೆ ಪ್ರಶ್ನೆಗಳು ಸಣ್ಣವಾಗಬೇಕು, ಉತ್ತರದ ಹಂತಗಳನ್ನು ಮೊದಲೇ ಬರೆದಿಟ್ಟಿರಬೇಕು. ಹಾಗಾಗಿ ಎ, ಬಿ, ಸಿ ಎಂದು ಗುರುತು ಹಾಕಿದ ನಾಲ್ಕೈದು ಸಾಲಿನ ತುಣುಕುಗಳು ಬಂದವು. ಎ ಆಕರ ನಂಬಲರ್ಹವೇ? ಬಿ ಆಕರ ಎಷ್ಟು ಉಪಯುಕ್ತ? ಯಾತಕ್ಕೆ ಉಪಯುಕ್ತ ಎಂಬುದನ್ನು ಮಾತ್ರ ಪ್ರಶ್ನೆ ಎಷ್ಟೋ ಸಲ ಹೇಳುತ್ತಿರಲಿಲ್ಲ. ಶಿಕ್ಷಕರು ಅಂಕ ತರುವ ವಾಕ್ಯಗಳನ್ನು ಕಲಿಸಿಕೊಟ್ಟರು: ಬರೆದವನು ಸೈನಿಕ, ಆದ್ದರಿಂದ ಪಕ್ಷಪಾತಿ, ಘಟನೆಯನ್ನು ಕಣ್ಣಾರೆ ಕಂಡವನು, ಆದ್ದರಿಂದ ನಂಬಲರ್ಹ. ಯಾವ ಶತಮಾನದ ಯಾವ ತುಣುಕಿಗಾದರೂ ಅಂಟಿಸಬಹುದಾದ ಮಾತುಗಳಿವು. ಟೋನಿ ಮೆಕ್‌ಅಲೀವಿ 1998ರಲ್ಲಿ, 1910ರಿಂದ ಅಂದಿನವರೆಗಿನ ಶಾಲಾ ಆಕರ ಬಳಕೆಯನ್ನು ಹಿಂದಿರುಗಿ ನೋಡಿ ಬರೆದ ಲೇಖನ ಈ ಕೃತಕತೆಯನ್ನೇ ಪರಿಶೀಲಿಸುತ್ತದೆ. ನನ್ನ ಓದಿನಲ್ಲಿ ಇಡೀ ಕಥೆಯ ತಿರುವು ಇಲ್ಲಿದೆ. ಕಂಠಪಾಠ ಹೋಗಲಿಲ್ಲ, ಜಾಗ ಬದಲಿಸಿತು. ಮೊದಲು ಇಸವಿಗಳನ್ನು ಉರುಹೊಡೆಯುತ್ತಿದ್ದ ಮಕ್ಕಳು ಈಗ ಆಕರವನ್ನು ಟೀಕಿಸುವ ವಾಕ್ಯಗಳನ್ನು ಉರುಹೊಡೆದರು.

ಅಮೆರಿಕದಲ್ಲಿ ಲೀಡ್ಸ್ ಯೋಜನೆಯ ಕಾಲಕ್ಕೇ ಬೇರೊಂದು ಪ್ರಯೋಗ ನಡೆದಿತ್ತು. ಅಲ್ಲಿನ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಇತಿಹಾಸ ಪರೀಕ್ಷೆಯಲ್ಲಿ ದಾಖಲೆ ಆಧಾರಿತ ಪ್ರಶ್ನೆ ಮೊದಲು ಬಂದದ್ದು 1973ರಲ್ಲಿ. ಇಲ್ಲಿ ತುಣುಕಿಗೊಂದು ಪ್ರಶ್ನೆ ಇಲ್ಲ. ಎಲ್ಲ ದಾಖಲೆಗಳಿಗೂ ಸೇರಿ ಒಂದೇ ದೊಡ್ಡ ಪ್ರಶ್ನೆ, ಉತ್ತರವಾಗಿ ಒಂದು ಪ್ರಬಂಧ. ಮೊದಮೊದಲು ದಾಖಲೆಗಳ ಸಂಖ್ಯೆ ದೊಡ್ಡದಿತ್ತು. ವಿದ್ಯಾರ್ಥಿಗಳು ಒಂದಾದ ಮೇಲೊಂದರಂತೆ ಅವುಗಳ ಸಾರಾಂಶವನ್ನು ಪೋಣಿಸಿ ಮುಗಿಸುತ್ತಿದ್ದರು. 1980ರ ದಶಕದ ಆರಂಭದಲ್ಲಿ ದಾಖಲೆಗಳನ್ನು ತಗ್ಗಿಸಿ, ಪತ್ರಿಕೆಯಲ್ಲಿಲ್ಲದ ತಿಳಿವಳಿಕೆಯನ್ನೂ ತಂದು ಬೆಸೆಯಬೇಕೆಂಬ ಷರತ್ತು ಹಾಕಿದರು. ಈಗ ದಾಖಲೆಗಳು ಏಳು, ಅಂಕಗಳೂ ಏಳು. ಹೊರಗಿನ ಒಂದು ಖಚಿತ ಸಂಗತಿಯನ್ನು ವಾದಕ್ಕೆ ಬಳಸಿದರೆ ಅದಕ್ಕೆಂದೇ ಒಂದು ಅಂಕ. ಆಕರ ಎದುರಿಗಿದ್ದರೂ ಅದನ್ನು ಓದಲು ತಲೆಯಲ್ಲಿ ಏನಾದರೂ ಇರಲೇಬೇಕು ಎಂದು ಪರೀಕ್ಷೆಯೇ ಬಾಯಿಬಿಟ್ಟು ಒಪ್ಪಿಕೊಂಡ ಬದಲಾವಣೆ ಇದು.

ನಮ್ಮಲ್ಲಿ 2014ರ ಮಾರ್ಚಿನಲ್ಲಿ ಸಿಬಿಎಸ್‌ಇ 9 ಮತ್ತು 11ನೇ ತರಗತಿಗೆ ತೆರೆದ ಪಠ್ಯದ ಪರೀಕ್ಷೆ ತಂದಿತು. ಪಠ್ಯವನ್ನು ತಿಂಗಳುಗಳ ಮುಂಚೆಯೇ ಶಾಲೆಗಳಿಗೆ ಕೊಡುತ್ತಿದ್ದರು. ಮುಂಚೆಯೇ ಕೊಟ್ಟ ಪಠ್ಯದ ಮೇಲೆ ಯಾವ ಪ್ರಶ್ನೆ ಬರಬಹುದೆಂದು ಊಹಿಸಿ ಸಿದ್ಧ ಉತ್ತರ ತಯಾರಿಸುವುದು ಕಷ್ಟವಲ್ಲ. ಸ್ಟಬ್ಸ್‌ನ ಸನ್ನದುಗಳ ದಾರಿಯೇ ಅದು. ಹನ್ನೊಂದನೇ ತರಗತಿಯಲ್ಲಿ ಇತಿಹಾಸ ಈ ಪರೀಕ್ಷೆಯ ವಿಷಯಗಳ ಪಟ್ಟಿಯಲ್ಲಿ ಇರಲೂ ಇಲ್ಲ. ಮೂರೇ ವರ್ಷಕ್ಕೆ, 2017ರಲ್ಲಿ, ಆ ಪರೀಕ್ಷೆಯನ್ನೇ ಕೈಬಿಟ್ಟರು. ಈಗ 9ನೇ ತರಗತಿಗೆ ಮತ್ತೆ ತರುವ ನಿರ್ಧಾರವಾಗಿರುವುದರಿಂದ ಒಂದು ಪ್ರಶ್ನೆಯನ್ನಾದರೂ ಕೂಲಂಕಷವಾಗಿ ಕಟ್ಟಿ ನೋಡುವುದು ಒಳ್ಳೆಯದು. ಹಂಪಿಯ ಮಹಾನವಮಿ ದಿಬ್ಬವನ್ನೇ ತೆಗೆದುಕೊಳ್ಳೋಣ.

ಎನ್‌ಸಿಇಆರ್‌ಟಿ ಪಠ್ಯದ ಪ್ರಕಾರ ದಿಬ್ಬದ ತಳ ಸುಮಾರು 11,000 ಚದರಡಿ, ಎತ್ತರ 40 ಅಡಿ. ಮೇಲೆ ಮರದ ಕಟ್ಟಡವಿದ್ದ ಕುರುಹುಗಳಿವೆ, ತಳದ ಗೋಡೆಯ ತುಂಬ ಉಬ್ಬುಶಿಲ್ಪ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಒಂಬತ್ತು ದಿನದ ಹಬ್ಬವನ್ನು, ಕುಸ್ತಿ, ಕುಣಿತ, ಆನೆ ಕುದುರೆಗಳ ಸಾಲನ್ನು ವಿವರಿಸಿ, ಅರಸ ಕೂರುತ್ತಿದ್ದ ಕಟ್ಟಡವನ್ನು ‘ವಿಜಯದ ಮನೆ’ ಎನ್ನುತ್ತಾನೆ. ‘ಪೇಸ್ ಯಾವ ದೇಶದವನು? ಅವನು ಕಂಡ ಹಬ್ಬ ಯಾವುದು?’ ಎಂದು ಕೇಳಿದರೆ ಎರಡೂ ಜರಡಿಯಲ್ಲಿ ಪ್ರಶ್ನೆ ಸೋರಿಹೋಗುತ್ತದೆ. ಹೀಗೆ ಕೇಳಿ: ಪೇಸ್ ಹೇಳುವ ಹಬ್ಬವೆಲ್ಲ ಈ ದಿಬ್ಬದ ಸುತ್ತಲೇ ನಡೆಯಿತು ಎನ್ನಲು ಕೊಟ್ಟಿರುವ ಆಧಾರ ಸಾಕೇ?

ಈಗ ಅಳತೆಯೂ ಬರಹವೂ ಒಂದಕ್ಕೊಂದು ಎದುರಾಗುತ್ತವೆ. ದಿಬ್ಬದ ಸುತ್ತಲಿನ ಬಯಲು ಶಸ್ತ್ರಧಾರಿಗಳು, ಹೆಂಗಸರು, ಆನೆಗಳು ಸೇರಿದ ದೊಡ್ಡ ಮೆರವಣಿಗೆಗೆ ಸಾಲದಂತಿದೆ ಎಂದು ವಿದ್ವಾಂಸರು ಗಮನಿಸಿದ್ದಾರೆ. ‘ಪೇಸ್ ವಿದೇಶಿ, ಉತ್ಪ್ರೇಕ್ಷೆ ಮಾಡಿದ್ದಾನೆ’ ಎಂದು ಬರೆದ ಹುಡುಗಿಗೆ ಅಂಕ ಕೊಡಬಾರದು. ಆ ವಾಕ್ಯ ಯಾವ ಪ್ರವಾಸಿಗೂ ಹೊಂದುತ್ತದೆ. ಜಾಗದ ಕೊರತೆಯನ್ನು ಕಂಡು, ಹಬ್ಬದ ಕೆಲವು ಭಾಗ ಮಾತ್ರ ಇಲ್ಲಿ ನಡೆದಿರಬಹುದು ಎಂದವಳು ಅರ್ಧ ದಾರಿ ಬಂದಿದ್ದಾಳೆ. ಇನ್ನು, ಪೇಸ್ ‘ವಿಜಯದ ಮನೆ’ ಎಂದದ್ದೂ ನಾವು ಇಂದು ‘ಮಹಾನವಮಿ ದಿಬ್ಬ’ ಎನ್ನುವುದೂ ಒಂದೇ ಎಂದು ಗುರುತಿಸಿದವರು ನಂತರದವರು, ಆ ಗುರುತಿಗೇ ಆಧಾರ ಬೇಕು ಎಂದು ಬರೆದವಳಿಗೆ ಪೂರ್ತಿ ಅಂಕ.

ಇಲ್ಲಿ ಪ್ರಶ್ನೆ ತೆಗೆಯುವವರ ಹೊಣೆಯೂ ದೊಡ್ಡದು. ಪೇಸ್‌ನ ಬರಹದಲ್ಲಿ ಮುಂದೆ ಇನ್ನೊಂದು ಸಂಗತಿಯಿದೆ: ಹಬ್ಬ ಮುಗಿದ ಮೇಲೆ ಅರಸ ತನ್ನ ಇಡೀ ಸೇನೆಯನ್ನು ಪರಿಶೀಲಿಸಿದ್ದು ಪಟ್ಟಣದಿಂದ ಸುಮಾರು ಒಂದು ಹರದಾರಿ ದೂರದಲ್ಲಿ, ಡೇರೆ ಹಾಕಿಸಿ. ತುಣುಕನ್ನು ಕತ್ತರಿಸುವಾಗ ಈ ಭಾಗವನ್ನು ಬಿಟ್ಟರೆ ಜಾಗದ ಒಗಟು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಪೇಸ್ ಸುಳ್ಳನಂತೆ ತೋರುತ್ತಾನೆ. ಸೇರಿಸಿದರೆ ವಿದ್ಯಾರ್ಥಿಗೆ ಹಬ್ಬದ ಭಾಗಗಳನ್ನು ಬೇರೆ ಬೇರೆ ಜಾಗಕ್ಕೆ ಹಂಚಿ ನೋಡುವ ದಾರಿ ತೆರೆಯುತ್ತದೆ. ಆದರೆ ತುಣುಕು ಹತ್ತು ಸಾಲಿಂದ ಇಪ್ಪತ್ತೈದಕ್ಕೆ ಬೆಳೆಯುತ್ತದೆ, ಓದಲು ಹತ್ತು ನಿಮಿಷ ಹೆಚ್ಚು ಬೇಕು, ಪತ್ರಿಕೆಯಿಂದ ಬೇರೆ ಎರಡು ಪ್ರಶ್ನೆಯನ್ನಾದರೂ ತೆಗೆಯಬೇಕಾಗುತ್ತದೆ. 25 ಸಾಲಿನ ಪೇಸ್, ದಿಬ್ಬದ ನಕ್ಷೆ, ಒಂದು ಉಬ್ಬುಶಿಲ್ಪದ ಚಿತ್ರ, ಒಂದೇ ಪ್ರಶ್ನೆ, ಬರೆಯಲು 40 ನಿಮಿಷ: ನಾನು ಕಟ್ಟುವ ಪತ್ರಿಕೆಯಲ್ಲಿ ವಿಜಯನಗರಕ್ಕೆ ಇಷ್ಟೇ.