ಬಾಯಿಲೆಕ್ಕದ ಮೂರನೆಯ ಸುತ್ತು

ಆಣೆಗಳ ಕಾಲದ ಪ್ರಾಥಮಿಕ ಶಾಲೆಗಳಲ್ಲಿ ಬಾಯಿಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಕೇಳಬಹುದಿತ್ತು. ಮೊದಲು ಪೂರ್ಣಸಂಖ್ಯೆಯ ಮಗ್ಗಿ. ಬಳಿಕ ಕಾಲು, ಅರೆ, ಮುಕ್ಕಾಲು ಮಗ್ಗಿಗಳು. ಕೊನೆಯದು ಅಂಗಡಿಲೆಕ್ಕ. ಉತ್ತರವನ್ನು ಸ್ಲೇಟಿನಲ್ಲಿ ಬರೆದು, ಬಳಪ ಕೆಳಗಿಟ್ಟು, ಎಲ್ಲರೂ ಒಮ್ಮೆಗೇ ತೋರಿಸಬೇಕು. ಬಾಯಿಬಿಟ್ಟು ಹೇಳಿಸಿದರೆ ಚುರುಕಾದ ಒಬ್ಬನ ಉತ್ತರವೇ ಇಡೀ ತರಗತಿಯದಾಗಿಬಿಡುತ್ತದೆ.

ಮೂರನೆಯ ಸುತ್ತಿನ ಒಂದು ಲೆಕ್ಕವನ್ನು ನೋಡೋಣ. ಸೇರಿಗೆ 7 ಆಣೆಯಾದರೆ ಮಣಕ್ಕೆಷ್ಟು? ಮಣಕ್ಕೆ 40 ಸೇರು, ರೂಪಾಯಿಗೆ 16 ಆಣೆ. 280ನ್ನು 16ರಿಂದ ಭಾಗಿಸಲು ಕುಳಿತವನು ಹಿಂದೆ ಬೀಳುವುದು ಖಂಡಿತ. ಆದರೆ 40 ಆಣೆಯೆಂದರೆ ಎರಡೂವರೆ ರೂಪಾಯಿ. ಆದ್ದರಿಂದ ಸೇರಿನ ಆಣೆಯನ್ನು ಎರಡೂವರೆಯಿಂದ ಗುಣಿಸಿದರೆ ಮಣದ ರೂಪಾಯಿ ಸಿಗುತ್ತದೆ: ಏಳೆರಡಲ ಹದಿನಾಲ್ಕು, ಏಳರ ಅರ್ಧ ಮೂರೂವರೆ, ಒಟ್ಟು ಹದಿನೇಳೂವರೆ. ಅಂದರೆ 17 ರೂಪಾಯಿ 8 ಆಣೆ.

ಸ್ಲೇಟಿನಲ್ಲಿ '17 ರೂ. 5 ಆ.' ಎಂದಿದ್ದರೆ ಮಗುವಿಗೆ ಗುಣಾಕಾರ ಬರುತ್ತದೆ, ಅರ್ಧ ರೂಪಾಯಿಗೆ ಎಂಟಾಣೆಯೆಂಬುದು ಮಾತ್ರ ಮನಸ್ಸಿಗಿಳಿದಿಲ್ಲ. ಅಂಥವನನ್ನು ಎರಡನೆಯ ಸುತ್ತಿಗೆ ಮರಳಿಸುವುದು ವ್ಯರ್ಥ. ಅವನಿಗೆ ಬೇಕಾದದ್ದು ನಾಣ್ಯದ ಪರಿಚಯ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆಯಾಯಿತು; 1958ರಿಂದ ಕಿಲೋಗ್ರಾಂ ಬರತೊಡಗಿತು. ಎರಡೂವರೆಯ ಈ ಸೂತ್ರಕ್ಕೆ ಆಧಾರವಾಗಿದ್ದ ಹದಿನಾರೂ ನಲವತ್ತೂ ಹೀಗೆ ಸರಿದುಹೋದವು. ಕಾಲು, ಮುಕ್ಕಾಲಿನ ಮಗ್ಗಿಗಳು ಮಗ್ಗಿಪುಸ್ತಕದಲ್ಲಿ ಉಳಿದರೂ, ಅವುಗಳನ್ನು ದಿನವೂ ಕೇಳುತ್ತಿದ್ದ ಅಂಗಡಿ ಉಳಿಯಲಿಲ್ಲ.