ಬಂಡವಾಳದ ಲೆಕ್ಕದಲ್ಲಿ ಹಣದುಬ್ಬರ

ಬೆಲೆಗಳು ಏರುತ್ತಿರುವಾಗ ಸಾಲ ಕೊಟ್ಟವನಿಗೆ ಮರಳಿ ಬರುವ ರೂಪಾಯಿಯು ಅವನು ಕೊಟ್ಟ ರೂಪಾಯಿಯಷ್ಟು ಧಾನ್ಯವನ್ನು ಕೊಳ್ಳಲಾರದು. ಆದುದರಿಂದ ಆ ನಷ್ಟವನ್ನೂ ಅವನು ಬಡ್ಡಿಯಲ್ಲಿಯೇ ಸೇರಿಸಿ ಕೇಳುವನೆಂಬ ವಿಚಾರವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಷರ್ ಅವರು 1896ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ಅವರು ಪರೀಕ್ಷಿಸಿದ ನಿದರ್ಶನಗಳಲ್ಲೊಂದು ನಮ್ಮ ದೇಶದ್ದೇ ಆಗಿದ್ದಿತು. ಲಂಡನ್ನಿನ ಪೇಟೆಯಲ್ಲಿ ಭಾರತ ಸರ್ಕಾರದ ಸಾಲಪತ್ರಗಳು ಚಿನ್ನದ ಲೆಕ್ಕದಲ್ಲಿ ಬಡ್ಡಿ ಕೊಡುವುವು, ಬೆಳ್ಳಿಯ ರೂಪಾಯಿಯಲ್ಲಿ ಕೊಡುವುವು ಎಂದು ಎರಡು ಬಗೆಯಾಗಿದ್ದುವು; ರೂಪಾಯಿಯ ಬೆಲೆ ಕುಸಿಯುತ್ತಿದ್ದ ಆ ಕಾಲದಲ್ಲಿ ರೂಪಾಯಿಯ ಪತ್ರಗಳಿಂದ ಜನರು ಹೆಚ್ಚಿನ ಪ್ರತಿಫಲವನ್ನು ಅಪೇಕ್ಷಿಸಿದರು.

ಜೋಯಲ್ ಡೀನ್ ಅವರ ಗ್ರಂಥವು 1951ರಲ್ಲಿ ಹೊರಬಂದ ಮೇಲೆ ಬಂಡವಾಳ ಹೂಡಿಕೆಯ ಯೋಜನೆಯು ಒಂದು ಶಾಸ್ತ್ರವಾಗಿ ಬೆಳೆಯಿತಾದರೂ, ಫಿಷರ್ ಅವರ ಸೂತ್ರವು ಕಾರ್ಖಾನೆಯ ಲೆಕ್ಕಪುಸ್ತಕವನ್ನು ಸೇರಲು ಎಪ್ಪತ್ತರ ದಶಕದ ಬೆಲೆಯೇರಿಕೆಯೇ ಬರಬೇಕಾಯಿತು.

ಒಂದು ಲಕ್ಷ ರೂಪಾಯಿಯ ಯಂತ್ರವೊಂದು ಮೂರು ವರ್ಷಗಳವರೆಗೆ, ಇಂದಿನ ಬೆಲೆಯಲ್ಲಿ ಎಣಿಸಿದರೆ, ವರ್ಷಕ್ಕೆ 42,000 ರೂಪಾಯಿ ತರುವುದೆಂದು ಭಾವಿಸೋಣ. ಹಣದುಬ್ಬರವನ್ನು ಕಳೆದ ನೈಜ ದರವು ಶೇಕಡಾ 10, ಹಣದುಬ್ಬರವು ಶೇಕಡಾ 8 ಆದರೆ, ಪೇಟೆಯಲ್ಲಿ ಕಾಣುವ ನಾಮಮಾತ್ರ ದರವು 1.10 ಮತ್ತು 1.08ರ ಗುಣಲಬ್ಧದಿಂದ ಶೇಕಡಾ 18.8 ಆಗುವುದು. ಇಂದಿನ ಬೆಲೆಯ 42,000ವನ್ನು ಶೇಕಡಾ 10ರಿಂದ ಇಳಿಸಿದರೆ ವರ್ತಮಾನ ಮೌಲ್ಯವು ಸುಮಾರು 1,04,450. ಏರುವ ಬೆಲೆಯಲ್ಲಿ 45,360, 48,989, 52,908 ಎಂದೆಣಿಸಿ ಶೇಕಡಾ 18.8ರಿಂದ ಇಳಿಸಿದರೂ ಅದೇ ಮೊತ್ತವೇ ಬರುವುದು. ಆದರೆ ಬ್ಯಾಂಕಿನವರು ಹೇಳಿದ 18.8ನ್ನು ಹಿಡಿದು ಇಂದಿನ ಬೆಲೆಯ 42,000ವನ್ನೇ ಇಳಿಸಿದವನಿಗೆ 90,160 ಮಾತ್ರ ಕಾಣುವುದು. ಹಣದುಬ್ಬರವನ್ನು ದರದಲ್ಲಿ ಸೇರಿಸಿ, ವರಮಾನದಲ್ಲಿ ಸೇರಿಸದೆ, ಲಾಭದ ಯಂತ್ರವನ್ನು ಅವನು ನಷ್ಟದ್ದೆಂದು ಕೈಬಿಡುವನು.

ಇದು ಕಲ್ಪನೆಯ ದೋಷವಲ್ಲ. ಬೆಲೆಗಳು ಒಂದೇ ವರ್ಷದಲ್ಲಿ ಶೇಕಡಾ 24ರಷ್ಟು ಏರಿದ ಬ್ರಿಟನ್ನಿನಲ್ಲಿ ಕಾರ್ಸ್‌ಬರ್ಗ್ ಮತ್ತು ಹೋಪ್ ಅವರು 1976ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಅನೇಕ ಸಂಸ್ಥೆಗಳು ಹೀಗೆಯೇ ಎರಡು ಅಳತೆಗಳನ್ನು ಬೆರೆಸುತ್ತಿದ್ದುವೆಂದು ತೋರಿಸಿತು. ದೀರ್ಘಾಯುಷ್ಯದ ಯಂತ್ರಗಳಿಗೇ ಈ ತಪ್ಪಿನ ಪೆಟ್ಟು ಹೆಚ್ಚೆಂಬುದು ನನ್ನನ್ನು ವಿಶೇಷವಾಗಿ ಕಳವಳಗೊಳಿಸುವ ಸಂಗತಿ.

ಹಾಗಾದರೆ ನೈಜ ಲೆಕ್ಕವೇ ಸುಲಭವೆಂದು ಅದನ್ನೇ ಹಿಡಿಯಬಹುದೇ? ತೆರಿಗೆಯು ಇದಕ್ಕೆ ಅಡ್ಡ ಬರುವುದೆಂಬುದನ್ನು 1971ರಲ್ಲಿ ವ್ಯಾನ್ ಹಾರ್ನ್ ಅವರೂ 1976ರಲ್ಲಿ ಚಾರ್ಲ್ಸ್ ನೆಲ್ಸನ್ ಅವರೂ ವಿವೇಚಿಸಿದರು. ಸವಕಳಿಯನ್ನು ಯಂತ್ರದ ಮೂಲ ಬೆಲೆಯ ಮೇಲೆ ಲೆಕ್ಕಹಾಕುವರೇ ಹೊರತು ಇಂದಿನ ಬೆಲೆಯ ಮೇಲಲ್ಲ. ನಮ್ಮ ಯಂತ್ರಕ್ಕೆ ವರ್ಷಕ್ಕೆ 33,333ರ ಸವಕಳಿಯೂ ಶೇಕಡಾ 30ರ ತೆರಿಗೆಯೂ ಇದ್ದರೆ ಉಳಿಯುವ ತೆರಿಗೆ 10,000. ಬೆಲೆಗಳೆಷ್ಟೇ ಏರಿದರೂ ಆ ಹತ್ತು ಸಾವಿರ ಏರದು. ಅದು ನಾಮಮಾತ್ರದ ಹಣವಾದುದರಿಂದ 18.8ರಿಂದಲೇ ಇಳಿಸಬೇಕು, ಆಗ ಮೂರು ವರ್ಷಗಳ ಉಳಿತಾಯದ ಮೌಲ್ಯವು 21,467. ಮರೆತು ಶೇಕಡಾ 10ನ್ನು ಬಳಸಿದರೆ 24,869 ಎಂದು ಕಾಣುವ ಮೊತ್ತದಲ್ಲಿ 3,402 ರೂಪಾಯಿ ಎಂದೂ ಕೈಗೆ ಬಾರದು.